ಮೋಲ್ಡ್ ಒಂದು ವಾರ ತಡವಾದರೆ ಗೃಹಪ್ರವೇಶ ಎಷ್ಟು ತಡ?

ಮನೆ ಕಟ್ಟಿಸುವವರು ಮೇಸ್ತ್ರಿಯನ್ನು ಕೇಳುವ ಮೊದಲ ಪ್ರಶ್ನೆ "ಎಷ್ಟಾಗುತ್ತೆ?" ಎರಡನೆಯದು "ಯಾವಾಗ ಮುಗಿಯುತ್ತೆ?" ಮೊದಲನೆಯದಕ್ಕೆ ಚದರಡಿ ಲೆಕ್ಕ ಹಾಕಿದ ಒಂದು ಎಸ್ಟಿಮೇಟ್ ಕೈಗೆ ಬರುತ್ತದೆ. ಎರಡನೆಯದಕ್ಕೆ ಬರುವುದು "ಆರು ತಿಂಗಳು ಅಂತ ಇಟ್ಕೊಳ್ಳಿ ಸಾರ್" ಎಂಬ ಮಾತು ಮಾತ್ರ. ಆ ಆರು ತಿಂಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ದಿನ, ಯಾವುದು ಮುಗಿಯದೆ ಯಾವುದು ಶುರುವಾಗುವುದಿಲ್ಲ ಎಂಬುದು ಮೇಸ್ತ್ರಿಯ ತಲೆಯಲ್ಲಿರುತ್ತದೆಯೇ ಹೊರತು ಕಾಗದದ ಮೇಲಿರುವುದಿಲ್ಲ. ಹಾಗಾಗಿ ನಡುವೆ ಒಂದು ವಾರ ಕೆಲಸ ನಿಂತಾಗ ಮನೆ ಯಜಮಾನರಿಗೆ ಅದು ದೊಡ್ಡ ಹೊಡೆತವೋ, ಚಿಂತೆ ಮಾಡಬೇಕಿಲ್ಲದ ವಿಷಯವೋ ತಿಳಿಯುವುದೇ ಇಲ್ಲ.

ಇದನ್ನು ಕಣ್ಣಿಗೆ ಕಾಣುವಂತೆ ಮಾಡುವ ಪಟ್ಟಿಗೆ ಗ್ಯಾಂಟ್ ಚಾರ್ಟ್ ಎನ್ನುತ್ತಾರೆ. ಎಡಕ್ಕೆ ಕೆಲಸಗಳ ಹೆಸರು, ಮೇಲೆ ತಾರೀಖುಗಳು, ಪ್ರತಿ ಕೆಲಸದ ಎದುರು ಅದು ನಡೆಯುವಷ್ಟು ದಿನಕ್ಕೆ ಒಂದು ಬಣ್ಣದ ಪಟ್ಟೆ, ಇಷ್ಟೇ ಅದರ ರೂಪ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಕಾರ್ಖಾನೆಗಳಲ್ಲಿ ಇದನ್ನು ಬಳಕೆಗೆ ತಂದರು. ಅವರಿಗಿಂತ ಮೊದಲೇ ಪೋಲೆಂಡಿನ ಕರೋಲ್ ಆದಮಿಯೆತ್ಸ್ಕಿ ಇಂಥದೇ ಒಂದು ಪಟ್ಟಿ ಮಾಡಿದ್ದರು. ಈಗ ಇದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಎಕ್ಸೆಲ್, ಗೂಗಲ್ ಶೀಟ್ಸ್ ಅಥವಾ ಪುಕ್ಕಟೆ ಸಿಗುವ ಲಿಬ್ರೆಆಫೀಸ್ ಸಾಕು.

ಪಟ್ಟೆಗೆ ಬಣ್ಣ ಬಳಿಯುವುದಕ್ಕೆ ಐದು ನಿಮಿಷ ಸಾಕು. ಬಣ್ಣದ ಹಿಂದೆ ಎರಡು ವಿಷಯ ಸರಿಯಾಗಿರಬೇಕು: ಯಾವುದು ಯಾವುದಕ್ಕಾಗಿ ಕಾಯುತ್ತದೆ ಎಂಬುದು, ಮತ್ತು ಆಳು ದುಡಿಯುವ ದಿನ ಬೇರೆ, ಕಾಂಕ್ರೀಟು ಗಟ್ಟಿಯಾಗುವ ದಿನ ಬೇರೆ ಎಂಬುದು. ಒಂದು ಮನೆಯನ್ನೇ ಇಟ್ಟುಕೊಂಡು ನೋಡೋಣ.

ಒಂದು ಮನೆ, ಹದಿನೈದು ಸಾಲು

ಸೈಟು 30x40. ಹನ್ನೆರಡು ಕಾಲಂ ಇರುವ, ಒಂದೇ ಅಂತಸ್ತಿನ, ಸುಮಾರು 950 ಚದರಡಿಯ ಮನೆ. ದೀಪಾವಳಿ ಕಳೆದು 2026ರ ನವೆಂಬರ್ 16ರ ಸೋಮವಾರ ಪಾಯ ಅಗೆಯಲು ಶುರು ಮಾಡಿ, ಮುಂದಿನ ಮಳೆಗಾಲಕ್ಕೆ ಮೊದಲು ಒಕ್ಕಲಾಗಬೇಕೆಂಬುದು ಯೋಚನೆ. ಭಾನುವಾರ ಕೆಲಸವಿಲ್ಲ. ಸಂಕ್ರಾಂತಿಗೆ ಒಂದು ದಿನ, ಯುಗಾದಿ ಮತ್ತು ಹೊಸತೊಡಕಿಗೆ ಎರಡು ದಿನ ರಜೆ.

ಶೀಟಿನ ಮೊದಲ ಸಾಲು ತಲೆಬರಹಕ್ಕೆ. A ಕಂಬದಲ್ಲಿ ಕೆಲಸದ ಹೆಸರು, Bಯಲ್ಲಿ ಅದರ ಬಗೆ, Cಯಲ್ಲಿ ಎಷ್ಟು ದಿನ, Dಯಲ್ಲಿ ಯಾವ ಸಾಲಿನ ನಂತರ, Eಯಲ್ಲಿ ಶುರು, Fನಲ್ಲಿ ಮುಗಿತ, Gಯಲ್ಲಿ ನಿಜವಾಗಿ ಮುಗಿದ ದಿನ. ದಿನಗಳ ಲೆಕ್ಕವನ್ನು ಮೇಸ್ತ್ರಿಯ ಪಕ್ಕ ಕೂತು, ಎಷ್ಟು ಆಳು ಬರುತ್ತಾರೆಂದು ಕೇಳಿಯೇ ತುಂಬಬೇಕು. ನಮ್ಮ ಮನೆಗೆ ಅದು ಹೀಗೆ ಬರುತ್ತದೆ:

| ಸಾಲು | ಕೆಲಸ | ಬಗೆ | ದಿನ | ಶುರು | ಮುಗಿತ |
|---|---|---|---|---|---|
| 2 | ಮಾರ್ಕಿಂಗ್, ಪಾಯ ಅಗೆತ | ಆಳು | 6 | ನವೆಂಬರ್ 16 | ನವೆಂಬರ್ 21 |
| 3 | ಫುಟಿಂಗ್ | ಆಳು | 8 | ನವೆಂಬರ್ 23 | ಡಿಸೆಂಬರ್ 1 |
| 4 | ಮಣ್ಣು ತುಂಬುವುದು, ಪ್ಲಿಂತ್ ಬೀಮ್ | ಆಳು | 15 | ಡಿಸೆಂಬರ್ 2 | ಡಿಸೆಂಬರ್ 18 |
| 5 | ಕಾಲಂ | ಆಳು | 8 | ಡಿಸೆಂಬರ್ 19 | ಡಿಸೆಂಬರ್ 28 |
| 6 | ಗೋಡೆ, ಲಿಂಟಲ್ | ಆಳು | 18 | ಡಿಸೆಂಬರ್ 29 | ಜನವರಿ 19 |
| 7 | ಸೆಂಟ್ರಿಂಗ್, ಕಂಬಿ ಕಟ್ಟುವುದು | ಆಳು | 12 | ಜನವರಿ 20 | ಫೆಬ್ರವರಿ 2 |
| 8 | ಮೋಲ್ಡ್ | ಆಳು | 1 | ಫೆಬ್ರವರಿ 3 | ಫೆಬ್ರವರಿ 3 |
| 9 | ಕ್ಯೂರಿಂಗ್ | ನೀರು | 14 | ಫೆಬ್ರವರಿ 4 | ಫೆಬ್ರವರಿ 17 |
| 10 | ಸೆಂಟ್ರಿಂಗ್ ಬಿಚ್ಚುವುದು | ಆಳು | 2 | ಫೆಬ್ರವರಿ 18 | ಫೆಬ್ರವರಿ 19 |
| 11 | ಗೋಡೆ ಕೊರೆದು ವಯರಿಂಗ್, ನೀರಿನ ಪೈಪು | ಆಳು | 8 | ಫೆಬ್ರವರಿ 20 | ಮಾರ್ಚ್ 1 |
| 12 | ಪ್ಲಾಸ್ಟರಿಂಗ್ | ಆಳು | 20 | ಮಾರ್ಚ್ 2 | ಮಾರ್ಚ್ 24 |
| 13 | ಟೈಲ್ಸ್ | ಆಳು | 15 | ಮಾರ್ಚ್ 25 | ಏಪ್ರಿಲ್ 13 |
| 14 | ಬಾಗಿಲು, ಪುಟ್ಟಿ, ಬಣ್ಣ | ಆಳು | 20 | ಏಪ್ರಿಲ್ 14 | ಮೇ 6 |
| 15 | ಸ್ವಿಚ್ಚು, ನಲ್ಲಿ, ಫಿಟಿಂಗ್ | ಆಳು | 6 | ಮೇ 7 | ಮೇ 13 |
| 16 | ಕಾಂಪೌಂಡ್ ಗೋಡೆ | ಆಳು | 12 | ಫೆಬ್ರವರಿ 4 | ಫೆಬ್ರವರಿ 17 |

ಈ ತಾರೀಖುಗಳಲ್ಲಿ ನೀವು ಕೈಯಾರೆ ಟೈಪ್ ಮಾಡುವುದು ಒಂದನ್ನೇ: E2ರಲ್ಲಿ ನವೆಂಬರ್ 16. ಉಳಿದೆಲ್ಲ ಸೂತ್ರದಿಂದ ಬರಬೇಕು. ಕೈಯಲ್ಲಿ ಬರೆದ ತಾರೀಖು ಬರೀ ಚಿತ್ರ. ಸೂತ್ರದಿಂದ ಬಂದ ತಾರೀಖು ಮೇಲಿನ ಕೆಲಸ ಸರಿದರೆ ತಾನೂ ಸರಿಯುತ್ತದೆ.

ಮೊದಲು ರಜೆಗಳಿಗೆಂದು ಇನ್ನೊಂದು ಶೀಟು ಮಾಡಿ, ಅದಕ್ಕೆ Raje ಎಂದು ಹೆಸರಿಟ್ಟು, A2ರಿಂದ ಕೆಳಗೆ ಹಬ್ಬದ ತಾರೀಖುಗಳನ್ನು ಬರೆಯಿರಿ. ನಂತರ ಮೂರನೇ ಸಾಲಿನ ಶುರು E3ಯಲ್ಲಿ, ಮುಗಿತ F3ಯಲ್ಲಿ:

```
=WORKDAY.INTL(F2,1,11,Raje!$A$2:$A$10)
=WORKDAY.INTL(E3-1,C3,11,Raje!$A$2:$A$10)
```

ಮೊದಲನೆಯದು "ಹಿಂದಿನ ಕೆಲಸ ಮುಗಿದ ನಂತರದ ಮೊದಲ ದುಡಿಮೆಯ ದಿನ ಯಾವುದು" ಎಂದು ಹುಡುಕುತ್ತದೆ. ಎರಡನೆಯದು ಅಲ್ಲಿಂದ ಎಂಟು ದುಡಿಮೆಯ ದಿನ ಎಣಿಸುತ್ತದೆ. 11 ಎಂಬ ಅಂಕಿಗೆ ವಾರದ ರಜೆ ಭಾನುವಾರ ಒಂದೇ ಎಂದರ್ಥ. ಅದನ್ನು ಬಿಟ್ಟರೆ ಶೀಟು ಆಫೀಸಿನವರ ಹಾಗೆ ಶನಿವಾರಕ್ಕೂ ರಜೆ ಕೊಟ್ಟುಬಿಡುತ್ತದೆ, ಆರು ತಿಂಗಳ ಕೆಲಸ ಏಳಕ್ಕೆ ಹೋಗುತ್ತದೆ. ಎರಡನೇ ಸೂತ್ರದ E3-1 ಏಕೆಂದರೆ ಶುರುವಾದ ದಿನವೂ ದುಡಿಮೆಯ ದಿನವೇ. ಆ ಒಂದನ್ನು ಕಳೆಯದಿದ್ದರೆ ಪ್ರತಿ ಸಾಲಿಗೂ ಒಂದು ದಿನ ಹೆಚ್ಚಾಗಿ ಕೊನೆಗೆ ಎರಡು ವಾರ ಸುಮ್ಮನೆ ಸೇರಿಕೊಳ್ಳುತ್ತದೆ. F2ರಲ್ಲೂ ಎರಡನೆಯ ಸೂತ್ರವೇ ಇರಲಿ, 3ರ ಜಾಗದಲ್ಲಿ 2 ಬರುತ್ತದೆ ಅಷ್ಟೆ.

ಭಾನುವಾರವಿಲ್ಲದ ಸಾಲು

ಒಂಬತ್ತನೇ ಸಾಲು ಮಾತ್ರ ಬೇರೆ ಜಾತಿಯದು. ಮೋಲ್ಡ್ ಹಾಕಿದ ಮೇಲೆ ಸಿಮೆಂಟು ನೀರು ಕುಡಿದು ಗಟ್ಟಿಯಾಗುವ ಕೆಲಸ ಭಾನುವಾರವೂ ನಡೆಯುತ್ತದೆ, ಯುಗಾದಿಯ ದಿನವೂ ನಡೆಯುತ್ತದೆ. ಅಲ್ಲಿ ರಜೆ ಕಳೆಯುವ ಸೂತ್ರ ಹಾಕಿದರೆ ಲೆಕ್ಕ ತಪ್ಪುತ್ತದೆ. E9, F9ರಲ್ಲಿ ಸಾದಾ ಕೂಡುವುದು ಸಾಕು:

```
=F8+1
=E9+C9-1
```

ಇಲ್ಲಿ 14 ದಿನ ಎಲ್ಲಿಂದ ಬಂತು? ಕಾಂಕ್ರೀಟ್ ಕೆಲಸಕ್ಕೆ ನಮ್ಮಲ್ಲಿ ಆಧಾರವಾಗಿರುವ ಐಎಸ್ 456 ಸಂಹಿತೆಯ 2000ದ ಆವೃತ್ತಿಯ ಪ್ರಕಾರ ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಪಿಪಿಸಿಯಂಥ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಹಿಡಿಯಬೇಕು. ಆದರೆ ಕೆಳಗಿನ ಆಸರೆ ಕಂಬ ತೆಗೆಯುವ ಲೆಕ್ಕವೇ ಬೇರೆ. ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ; ಆರು ಮೀಟರಿನವರೆಗಿನ ಬೀಮಿಗೆ 14 ದಿನ, ಅದನ್ನು ಮೀರಿದರೆ 21 ದಿನ. ಇದು ಸಾಮಾನ್ಯ ಸಿಮೆಂಟಿಗೆ, 15 ಡಿಗ್ರಿಗೆ ಇಳಿಯದ ಹವೆಗೆ ಹೇಳಿದ ಮಾತು. ಪಿಪಿಸಿ ನಿಧಾನವಾಗಿ ಗಟ್ಟಿಯಾಗುವುದರಿಂದ ಈ ದಿನಗಳನ್ನು ಹೆಚ್ಚಿಸಬೇಕೇ ಎಂದು ನಿಮ್ಮ ಎಂಜಿನಿಯರ್ ಹೇಳಬೇಕು. ನಮ್ಮ ಮನೆಯಲ್ಲಿ ಬೀಮುಗಳಿರುವುದರಿಂದ 14 ಹಾಕಿದ್ದೇವೆ.

ಕೆಲಸ ತಡವಾದಾಗ "ಇಲ್ಲಿ ನಾಲ್ಕು ದಿನ ಉಳಿಸಬಹುದು" ಎಂದು ಎಲ್ಲರ ಕಣ್ಣು ಬೀಳುವುದು ಈ ಸಾಲಿನ ಮೇಲೆಯೇ. ಆಳು ಹೆಚ್ಚಿಸಿದರೆ ಪ್ಲಾಸ್ಟರಿಂಗ್ ಬೇಗ ಮುಗಿದೀತು. ಕ್ಯೂರಿಂಗ್‌ಗೆ ಎಷ್ಟು ಆಳು ಹಚ್ಚಿದರೂ ಒಂದು ದಿನವೂ ಕಡಿಮೆಯಾಗುವುದಿಲ್ಲ. ಅದಕ್ಕೇ B ಕಂಬದಲ್ಲಿ ಅದರ ಎದುರು "ನೀರು" ಎಂದು ಬರೆದು ಬೇರೆ ಬಣ್ಣ ಕೊಡುವುದು: ಈ ಪಟ್ಟೆಯನ್ನು ಯಾರೂ ಮುಟ್ಟಬಾರದು.

ಮುಟ್ಟಬಾರದು ಎಂದರೆ ಎರಡು ವಾರ ಕೈಕಟ್ಟಿ ಕೂರಬೇಕೆಂದಲ್ಲ. ಒಳಗೆಲ್ಲ ಆಸರೆ ಕಂಬಗಳಿರುವಾಗ ಮನೆಯೊಳಗೆ ಗಾರೆಯವರಿಗೆ ಕೆಲಸವಿಲ್ಲ, ಹೊರಗೆ ಕಾಂಪೌಂಡ್ ಇದೆ. ಹದಿನಾರನೇ ಸಾಲಿನ ಶುರುವನ್ನೂ ಮೋಲ್ಡಿಗೇ, ಅಂದರೆ F8ಕ್ಕೇ ಕಟ್ಟಿದರೆ ಅದು ಫೆಬ್ರವರಿ 4ಕ್ಕೆ ಬಂದು ಕೂರುತ್ತದೆ. ಕ್ಯೂರಿಂಗ್‌ನ ಹದಿನಾಲ್ಕು ದಿನದಲ್ಲಿ ಎರಡು ಭಾನುವಾರ ಕಳೆದರೆ ಉಳಿಯುವುದು ಹನ್ನೆರಡು ದುಡಿಮೆಯ ದಿನ. ಕಾಂಪೌಂಡಿಗೆ ಬೇಕಾದ್ದೂ ಅಷ್ಟೇ.

ಪಟ್ಟಿಯಲ್ಲಿ ಬರೆಯದ ಇನ್ನೊಂದು ಕಾಯುವಿಕೆಯೂ ಇದೆ. ಪ್ಲಾಸ್ಟರಿಗೆ ವಾರ ನೀರು ಹೊಡೆದ ಮೇಲೆ ಅದು ಒಣಗಬೇಕು, ಹಸಿ ಗೋಡೆಗೆ ಪುಟ್ಟಿ ಬಳಿದರೆ ಆಮೇಲೆ ಹಕ್ಕಳೆಯೇಳುತ್ತದೆ. ನಮ್ಮ ಪಟ್ಟಿಯಲ್ಲಿ ಮಾರ್ಚ್ 24ಕ್ಕೂ ಏಪ್ರಿಲ್ 14ಕ್ಕೂ ನಡುವೆ ಟೈಲ್ಸ್ ಬಂದಿರುವುದರಿಂದ ಗೋಡೆಗೆ ತಾನಾಗಿಯೇ ಮೂರು ವಾರ ಸಿಕ್ಕಿದೆ. ಟೈಲ್ಸ್‌ನವರು ಬರಲಿಲ್ಲವೆಂದು ಬಣ್ಣದವರನ್ನು ಮುಂದಕ್ಕೆ ಕರೆದರೆ ಆ ಮೂರು ವಾರ ಹೋಗುತ್ತದೆ.

ಪಟ್ಟೆಗೆ ಬಣ್ಣ

ಆರು ತಿಂಗಳಿಗೆ ದಿನಕ್ಕೊಂದು ಕಂಬ ಮಾಡಿದರೆ ಸುಮಾರು 180 ಕಂಬಗಳಾಗಿ ಫೋನಿನಲ್ಲಿ ಓದಲು ಬರುವುದಿಲ್ಲ. ವಾರಕ್ಕೊಂದು ಮಾಡಿದರೆ ಇಪ್ಪತ್ತಾರರಲ್ಲಿ ಮುಗಿಯುತ್ತದೆ. H1ರಲ್ಲಿ `=E2`, I1ರಲ್ಲಿ `=H1+7` ಎಂದು ಬರೆದು ಅದನ್ನು AG1ರವರೆಗೆ ಎಳೆಯಿರಿ. ಪ್ರತಿ ಕಂಬದ ನೆತ್ತಿಯ ಮೇಲೆ ಒಂದೊಂದು ಸೋಮವಾರ ಬರುತ್ತದೆ. ತಡವಾದರೆಂದು ಇನ್ನೂ ನಾಲ್ಕೈದು ಕಂಬ ಹೆಚ್ಚಿಗೆ ಇರಲಿ.

ಈಗ H2ರಿಂದ ಕೊನೆಯ ಕಂಬದ ಹದಿನಾರನೇ ಸಾಲಿನವರೆಗೆ ಆಯ್ದುಕೊಂಡು Conditional formatting ತೆರೆಯಿರಿ. ಗೂಗಲ್ ಶೀಟ್ಸ್‌ನಲ್ಲಿ Custom formula is, ಎಕ್ಸೆಲ್‌ನಲ್ಲಿ Use a formula to determine which cells to format ಎಂಬುದನ್ನು ಆರಿಸಿ ಈ ಎರಡು ನಿಯಮಗಳನ್ನು ಕೊಟ್ಟು, ನಿಯಮಗಳ ಪಟ್ಟಿಯಲ್ಲಿ ಮೊದಲನೆಯದು ಮೇಲೆ, ಎರಡನೆಯದು ಕೆಳಗೆ ಇರುವಂತೆ ನೋಡಿಕೊಳ್ಳಿ. ಮೊದಲನೆಯದಕ್ಕೆ ನೀಲಿ, ಎರಡನೆಯದಕ್ಕೆ ಕಿತ್ತಳೆ ಬಣ್ಣ ಇರಲಿ:

```
=AND($B2="ನೀರು",$E2<=H$1+6,$F2>=H$1)
=AND($E2<=H$1+6,$F2>=H$1)
```

ಕೆಲಸ ಆ ವಾರ ಮುಗಿಯುವುದರೊಳಗೆ ಶುರುವಾಗಿ, ಆ ವಾರ ಶುರುವಾದ ಮೇಲೆ ಮುಗಿಯುವುದಾದರೆ ಆ ಮನೆಗೆ ಬಣ್ಣ ಹಚ್ಚು ಎಂಬುದು ಇದರ ಅರ್ಥ. $ ಚಿಹ್ನೆಗಳ ಜಾಗ ಮುಖ್ಯ. $E2 ಎಂದರೆ ಕಂಬ ಬದಲಾಗಕೂಡದು, H$1 ಎಂದರೆ ಸಾಲು ಬದಲಾಗಕೂಡದು. ಪಟ್ಟೆಗಳು ಎಲ್ಲೆಲ್ಲೋ ಚದುರಿದ್ದರೆ ಅಥವಾ ಶೀಟಿಡೀ ಒಂದೇ ಬಣ್ಣವಾದರೆ ಮೊದಲು ನೋಡಬೇಕಾದ್ದು ಇದನ್ನೇ. ವಾರದ ಕಂಬದಲ್ಲಿ ಒಂದೇ ದಿನದ ಮೋಲ್ಡೂ ಪೂರಾ ಒಂದು ಮನೆ ತುಂಬುತ್ತದೆ. ಹಾಗಾಗಿ ನಿಖರ ತಾರೀಖಿಗೆ E, F ಕಂಬಗಳನ್ನೇ ನೋಡಬೇಕು.

ಬಣ್ಣಕ್ಕಿಂತ ಹೆಚ್ಚು ಮೋಸ ಮಾಡುವುದು ತಾರೀಖು. ಶೀಟು ಅಮೆರಿಕದ ರೂಢಿಯಲ್ಲಿದ್ದರೆ 3/2/2027 ಎಂದು ಬರೆದದ್ದನ್ನು ಅದು ಫೆಬ್ರವರಿ 3ರ ಬದಲು ಮಾರ್ಚ್ 2 ಎಂದು ಓದುತ್ತದೆ, ತಪ್ಪೆಂದು ಹೇಳುವುದೂ ಇಲ್ಲ. 16/11/2026 ಎಂದರೆ ಹದಿನಾರನೇ ತಿಂಗಳಿಲ್ಲವಾದ್ದರಿಂದ ಅದನ್ನು ಬರೀ ಅಕ್ಷರ ಎಂದುಕೊಳ್ಳುತ್ತದೆ, ಕೆಳಗಿನ ಸೂತ್ರಗಳೆಲ್ಲ #VALUE! ಎನ್ನುತ್ತವೆ. ಗುರುತು ಸುಲಭ: ನಿಜವಾದ ತಾರೀಖು ಮನೆಯ ಬಲಕ್ಕೆ ಅಂಟುತ್ತದೆ, ಅಕ್ಷರವಾದದ್ದು ಎಡಕ್ಕೆ. 16-Nov-2026 ಎಂದು ತಿಂಗಳ ಹೆಸರಿನೊಡನೆ ಬರೆದರೆ ಈ ಗೊಂದಲ ಬರುವುದಿಲ್ಲ.

ಅದೇ ಆರು ದಿನ, ಎರಡು ಫಲ

ಇಷ್ಟು ಸಿದ್ಧವಾದ ಮೇಲೆ E, F ಕಂಬಗಳನ್ನು ನಕಲು ಮಾಡಿ, Paste values ಬಳಸಿ ಇನ್ನೊಂದು ಶೀಟಿನಲ್ಲಿ ಇಟ್ಟುಕೊಳ್ಳಿ. ಮುಂದೆ ಪಟ್ಟಿ ಸರಿಯುತ್ತಾ ಹೋದಾಗ ಮೂಲತಃ ಏನು ಒಪ್ಪಿಕೊಂಡಿದ್ದೆವು ಎಂಬುದಕ್ಕೆ ಅದೇ ದಾಖಲೆ.

ಈಗ ಸೆಂಟ್ರಿಂಗ್ ಸಾಮಾನು ಬೇರೆ ಸೈಟಿನಲ್ಲಿ ಸಿಕ್ಕಿಹಾಕಿಕೊಂಡು ಆರು ದಿನ ತಡವಾಯಿತು ಎಂದಿಟ್ಟುಕೊಳ್ಳಿ. C7ರಲ್ಲಿ 12ರ ಜಾಗದಲ್ಲಿ 18 ಬರೆಯಿರಿ. ಮೋಲ್ಡ್ ಫೆಬ್ರವರಿ 10ಕ್ಕೆ ಹೋಗುತ್ತದೆ, ಪ್ಲಾಸ್ಟರಿಂಗ್ ಮಾರ್ಚ್ 9ಕ್ಕೆ ಶುರುವಾಗುತ್ತದೆ, ಮೇ 13ಕ್ಕೆ ಮುಗಿಯಬೇಕಿದ್ದ ಮನೆ ಮೇ 20ಕ್ಕೆ ಮುಗಿಯುತ್ತದೆ. ತಡವಾದಷ್ಟೂ ಪೂರ್ತಿ ಕೊನೆಯ ದಿನದ ಮೇಲೆ ಬಿತ್ತು.

C7ನ್ನು ಮತ್ತೆ 12 ಮಾಡಿ, ಈ ಸಲ ಕಾಂಪೌಂಡ್ ಗೋಡೆಯನ್ನು ಆರು ದಿನ ತಡ ಮಾಡಿ ನೋಡಿ. ಅದು ಫೆಬ್ರವರಿ 17ರ ಬದಲು 24ಕ್ಕೆ ಮುಗಿಯುತ್ತದೆ. ಕೊನೆಯ ತಾರೀಖು ಮಾತ್ರ ಮೇ 13ರಿಂದ ಅಲ್ಲಾಡುವುದಿಲ್ಲ, ಏಕೆಂದರೆ ಕಾಂಪೌಂಡಿಗಾಗಿ ಮುಂದಿನ ಯಾವ ಕೆಲಸವೂ ಕಾದು ನಿಂತಿಲ್ಲ. ಎರಡನೇ ಸಾಲಿನಿಂದ ಹದಿನೈದನೆಯದರವರೆಗಿನ ಸರಪಳಿಯಲ್ಲಿ ಎಲ್ಲಿ ಒಂದು ದಿನ ಹೋದರೂ ಗೃಹಪ್ರವೇಶ ಒಂದು ದಿನ ಹಿಂದೆ ಸರಿಯುತ್ತದೆ. ಎಂಜಿನಿಯರುಗಳು ಕ್ರಿಟಿಕಲ್ ಪಾತ್ ಎನ್ನುವುದು ಈ ಸರಪಳಿಗೇ. ಮೇಸ್ತ್ರಿಯ ಜೊತೆ ಖಡಾಖಂಡಿತವಾಗಿ ಮಾತಾಡಬೇಕಾದ್ದು ಇದರ ಮೇಲಿನ ಕೆಲಸಗಳ ಬಗ್ಗೆ, ಕಾಂಪೌಂಡ್ ತಡವಾಯಿತೆಂದಲ್ಲ.

ಆದರೆ ಇಲ್ಲೊಂದು ತೊಡಕಿದೆ. ಕಾಂಪೌಂಡ್ ಕಟ್ಟುವ ಗಾರೆಯವರೇ ಪ್ಲಾಸ್ಟರಿಂಗ್ ಮಾಡುವವರೂ ಆಗಿದ್ದರೆ? ಒಂದೇ ತಂಡ ಎರಡು ಕಡೆ ಇರಲಾರದು ಎಂಬುದು ಶೀಟಿಗೆ ಗೊತ್ತಿಲ್ಲ, ನಾವೇ ಹೇಳಬೇಕು. ಹನ್ನೆರಡನೇ ಸಾಲಿನ ಶುರುವನ್ನು, ವಯರಿಂಗ್ ಮತ್ತು ಕಾಂಪೌಂಡ್ ಎರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಅದರ ಮರುದಿನಕ್ಕೆ ಕಟ್ಟಬೇಕು:

```
=WORKDAY.INTL(MAX(F11,F16),1,11,Raje!$A$2:$A$10)
```

ಈಗ ಕಾಂಪೌಂಡಿಗೆ ಹತ್ತು ದುಡಿಮೆಯ ದಿನಗಳ ಸಡಿಲವಿದೆ. ಹನ್ನೊಂದನೇ ದಿನ ತಡವಾದರೆ ಪ್ಲಾಸ್ಟರಿಂಗ್ ಮಾರ್ಚ್ 3ಕ್ಕೆ, ಮನೆ ಮೇ 14ಕ್ಕೆ ಹೋಗುತ್ತದೆ.

ವಾರಕ್ಕೊಮ್ಮೆ ಸೈಟಿನಲ್ಲಿ

ಪಟ್ಟಿ ಬದುಕಿರಬೇಕಾದರೆ ನಡೆದದ್ದನ್ನು ಅದಕ್ಕೆ ತಿಳಿಸುತ್ತಿರಬೇಕು. ಶನಿವಾರ ಬಟವಾಡೆ ಮಾಡುವ ಹೊತ್ತಿಗೆ, ಮುಗಿದ ಕೆಲಸದ ಎದುರು G ಕಂಬದಲ್ಲಿ ನಿಜವಾದ ತಾರೀಖು ಬರೆಯಿರಿ. ಅದು ಮುಂದಿನ ಸಾಲುಗಳನ್ನು ತಾನೇ ಸರಿಸಬೇಕಾದರೆ F ಕಂಬದ ಸೂತ್ರವನ್ನು ಹೀಗೆ ತಿದ್ದಿ:

```
=IF(G3="",WORKDAY.INTL(E3-1,C3,11,Raje!$A$2:$A$10),G3)
```

G ಖಾಲಿಯಿದ್ದರೆ ಅಂದಾಜು, ತುಂಬಿದ್ದರೆ ನಿಜ. ಅವಸರದಲ್ಲಿ F ಕಂಬದಲ್ಲೇ ತಾರೀಖು ಬರೆದರೆ ಸೂತ್ರ ಅಳಿಸಿಹೋಗಿ, ಅಲ್ಲಿಂದ ಕೆಳಗಿನ ಸರಪಳಿ ಮೇಲಿನದರಿಂದ ಕಡಿದುಹೋಗುತ್ತದೆ. ಹೊರನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆಗಾಗ C2ರಲ್ಲಿ ಹತ್ತು ದಿನ ಸೇರಿಸಿ ನೋಡಿ, ಇನ್ನೂ ಮುಗಿಯದ ಸಾಲುಗಳ ತಾರೀಖು ಸರಿಯದಿದ್ದರೆ ಎಲ್ಲೋ ಕಡಿದಿದೆ ಎಂದರ್ಥ. ಪಾಯ ಮುಗಿದು ಅದರ G ತುಂಬಿದ್ದರೆ, ಸದ್ಯ ನಡೆಯುತ್ತಿರುವ ಕೆಲಸದ ಸಾಲಿನಲ್ಲಿ ಈ ಪರೀಕ್ಷೆ ಮಾಡಿ.

ಇದೇ ಪಟ್ಟಿಯಿಂದ ಆರ್ಡರ್ ಕೊಡುವ ದಿನವೂ ಸಿಗುತ್ತದೆ. ಬಾಗಿಲು, ಕಿಟಕಿಯ ಚೌಕಟ್ಟು ಗೋಡೆ ಏಳುವಾಗಲೇ ಬೇಕು. ಬಡಗಿ ನಾಲ್ಕು ವಾರ ಕೇಳಿದರೆ `=E6-28` ಎಂದು ಬರೆಯಿರಿ, ಉತ್ತರ ಡಿಸೆಂಬರ್ 1. ಅಂದರೆ ಫುಟಿಂಗ್ ಕೆಲಸ ಇನ್ನೂ ನೆಲದ ಕೆಳಗೆ ನಡೆಯುತ್ತಿರುವಾಗಲೇ ಮರಕ್ಕೆ ಮುಂಗಡ ಕೊಟ್ಟಿರಬೇಕು. ಗೋಡೆ ಕೆಲಸ ನಿಲ್ಲುವುದು ಹಲವು ಸಲ ಆಳಿಲ್ಲದೆ ಅಲ್ಲ, ಹೀಗೆ ಚೌಕಟ್ಟಿಲ್ಲದೆ.

ಈ ಪಟ್ಟಿ ಅಕಾಲ ಮಳೆಯನ್ನು ತಡೆಯುವುದಿಲ್ಲ, ಬೇರೆ ಸೈಟಿಗೆ ಹೋದ ಮೇಸ್ತ್ರಿಯನ್ನು ಕರೆತರುವುದೂ ಇಲ್ಲ. ಯಾವ ತಡಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದನ್ನು ಮಾತ್ರ ಹೇಳುತ್ತದೆ. ಮೋಲ್ಡಿನ ಸಾಲಿನ G ಕಂಬದಲ್ಲಿ ನಿಜವಾದ ತಾರೀಖು ಬೀಳುವವರೆಗೆ ಗೃಹಪ್ರವೇಶದ ಮುಹೂರ್ತ ಇಡಿಸಬೇಡಿ. ಬಿದ್ದ ಮೇಲೆ F15 ತೋರಿಸುವ ದಿನಕ್ಕೆ ಎರಡು ವಾರ ಸೇರಿಸಿ ಜೋಯಿಸರ ಬಳಿ ಹೋಗಿ.